ಶೇ. 12 ಏರಿಸಿದರೂ ಕಾಫಿ ಇಪ್ಪತ್ತೇ ರೂಪಾಯಿ

2025ರ ಏಪ್ರಿಲ್ 1ರಿಂದ ನಂದಿನಿ ಹಾಲು ಲೀಟರಿಗೆ ನಾಲ್ಕು ರೂಪಾಯಿ ಏರಿತು. ಹಾಲು ತುಟ್ಟಿಯಾದ ಮಾತ್ರಕ್ಕೆ ಉದ್ದಿನಬೇಳೆಯೂ ಅಷ್ಟೇ ತುಟ್ಟಿಯಾಗುವುದಿಲ್ಲ. ಹಾಗಾಗಿ ಹೋಟೆಲಿನವರು ಇಡೀ ದರಪಟ್ಟಿಗೆ ಒಂದೇ ಏರಿಕೆ ಹಾಕದೆ, ಕಾಫಿ-ಟೀಗೆ ಇಷ್ಟು, ತಿಂಡಿಗೆ ಇಷ್ಟು ಎಂದು ವಿಭಾಗವಾರು ಶೇಕಡಾ ನಿಗದಿ ಮಾಡುವುದು ನ್ಯಾಯವೇ. ಚಿಲ್ಲರೆಯ ತಾಪತ್ರಯ ಬೇಡವೆಂದು ಬಂದ ಮೊತ್ತವನ್ನು ಹತ್ತಿರದ ಐದಕ್ಕೆ ತರುತ್ತಾರೆ. ಲೆಕ್ಕ ತಪ್ಪುವುದು ಅಲ್ಲಿಯೇ.

ಒಂದು ದರ್ಶಿನಿಯನ್ನು ಊಹಿಸಿಕೊಳ್ಳಿ. ಕಾಫಿಗೆ ಶೇ. 12, ತಿಂಡಿಗೆ ಶೇ. 8 ಏರಿಕೆ.

| ತಿನಿಸು | ಹಳೆ ದರ | ಲೆಕ್ಕದ ದರ | ಹೊಸ ದರ | ನಿಜವಾದ ಏರಿಕೆ |
|---|---|---|---|---|
| ಕಾಫಿ | 20 | 22.40 | 20 | ಇಲ್ಲ |
| ವಡೆ | 30 | 32.40 | 30 | ಇಲ್ಲ |
| ಇಡ್ಲಿ | 40 | 43.20 | 45 | ಶೇ. 12.5 |
| ಮಸಾಲೆ ದೋಸೆ | 70 | 75.60 | 75 | ಶೇ. 7.1 |

ಯಾವ ಹಾಲಿಗಾಗಿ ದರ ಪರಿಷ್ಕರಣೆ ಶುರುವಾಯಿತೋ ಆ ಕಾಫಿಯೇ ಕದಲಿಲ್ಲ. ಇಪ್ಪತ್ತರ ಕಾಫಿಗೆ 22.50 ಗಡಿ: ಅದಕ್ಕಿಂತ ಕಡಿಮೆ ಬಂದರೆ ಮತ್ತೆ 20, ಅದನ್ನು ಮುಟ್ಟಿದರೆ 25. ಶೇ. 12ರ ಬದಲು 13 ಹಾಕಿದ್ದರೆ ಗಿರಾಕಿಯ ಮೇಲೆ ಬೀಳುತ್ತಿದ್ದುದು ಶೇ. 25ರ ಹೊರೆ. ಊಟದಂಥ ನೂರು ದಾಟಿದ ಬಾಬತ್ತಿಗೆ ಎರಡು ರೂಪಾಯಿ ಆಚೀಚೆಯಾದರೆ ಅಷ್ಟಾಗಿ ತಿಳಿಯದು. ಸಣ್ಣ ದರಕ್ಕೆ ಅದೇ ಎರಡು ರೂಪಾಯಿ ದೊಡ್ಡದು.

ಇನ್ನು ಗಲ್ಲಾಪೆಟ್ಟಿಗೆಯ ಕಡೆ ನೋಡೋಣ. ದಿನಕ್ಕೆ 400 ಕಾಫಿ, 200 ಪ್ಲೇಟ್ ಇಡ್ಲಿ, 100 ದೋಸೆ ಹೋಗುತ್ತದೆ ಎನ್ನಿ. ಹಳೆ ದರದಲ್ಲಿ ಇವುಗಳ ವ್ಯಾಪಾರ 23,000 ರೂಪಾಯಿ. ಶೇಕಡಾ ಲೆಕ್ಕದಂತೆ 2,160 ರೂಪಾಯಿ ಹೆಚ್ಚು ಬರಬೇಕಿತ್ತು. ಹೊಸ ಪಟ್ಟಿ ತಂದದ್ದು 1,500. ಉಳಿದ 660 ರೂಪಾಯಿ ಪ್ರತಿದಿನ ಮಾಲೀಕರ ಕೈಬಿಡುತ್ತದೆ. ಕಾಫಿಗೆ 25 ಎಂದು ಬರೆಯುವುದಕ್ಕಿಂತ ಆ ವಿಭಾಗಕ್ಕೆ ಮಾತ್ರ ಐದರ ನಿಯಮ ಬಿಟ್ಟು 22 ಮಾಡುವುದು ಲೇಸು ಎಂಬುದು ನನ್ನ ಅಭಿಪ್ರಾಯ. ಫೋನಿನಲ್ಲಿ ಹಣ ಕಳಿಸುವವರಿಗೆ ಎರಡು ರೂಪಾಯಿ ಚಿಲ್ಲರೆಯ ಚಿಂತೆಯಿಲ್ಲ.

ಎಕ್ಸೆಲ್‌ನಲ್ಲಿ B ಅಂಕಣದಲ್ಲಿ ಹಳೆ ದರ, C ಅಂಕಣದಲ್ಲಿ ಶೇಕಡಾ ಇಟ್ಟರೆ ಲೆಕ್ಕದ ದರ D ಅಂಕಣಕ್ಕೆ, ಹೊಸ ದರ E ಅಂಕಣಕ್ಕೆ ಬರುತ್ತದೆ:

```
D2: =B2*(1+C2)
E2: =MROUND(D2,5)
```

ಗೋಡೆಯ ಮೇಲೆ ಬರೆಸುವುದು E ಅಂಕಣವನ್ನಾದರೂ D ಅಂಕಣವನ್ನು ಅಳಿಸಬಾರದು. ಮುಂದಿನ ಸಲ ಕಾಫಿಗೆ ಶೇ. 10 ಹಾಕುವಾಗ 20ರಿಂದ ಶುರುಮಾಡಿದರೆ 22 ಬಂದು ದರ ಮತ್ತೆ ಇಪ್ಪತ್ತಕ್ಕೇ ನಿಲ್ಲುತ್ತದೆ. 22.40ರಿಂದ ಶುರುಮಾಡಿದರೆ 24.64 ಬರುತ್ತದೆ, ಆಗ ಕಾಫಿಗೆ 25 ಎಂದು ಬರೆಯಲು ಕಾರಣವಿರುತ್ತದೆ.