ಪಾಲಾದ ಜಮೀನು, ಒಡೆಯದ ಮನೆಯ ಹೆಸರಿಗೆ ನೋಟಿಸು

ತಂದೆ ಮತ್ತು ಇಬ್ಬರು ಮಕ್ಕಳು. ಪಟ್ಟಣದ ಪುರಸಭೆ ಎಲ್ಲೆಯೊಳಗೆ ಪಿತ್ರಾರ್ಜಿತ ಜಮೀನು. 2012ರಲ್ಲಿ ನೋಂದಾಯಿತ ಪಾಲುಪತ್ರ ಮಾಡಿಕೊಂಡು ಮೂವರೂ ಬೇರೆಯಾದರು. 2021ರಲ್ಲಿ ಒಂದೇ ಕ್ರಯಪತ್ರದಲ್ಲಿ 90 ಲಕ್ಷಕ್ಕೆ ಮೂವರೂ ಮಾರಿದರು. ಕೆಲವು ವರ್ಷಗಳ ನಂತರ ಆದಾಯ ತೆರಿಗೆ ಇಲಾಖೆಯ ನೋಟಿಸು ಬಂತು, ಅದೂ ಹಿಂದೂ ಅವಿಭಕ್ತ ಕುಟುಂಬದ ಹೆಸರಿಗೆ: 90 ಲಕ್ಷ ಬಂದಿದೆ, ರಿಟರ್ನ್ ಏಕೆ ಸಲ್ಲಿಸಿಲ್ಲ?

ಇದು ವಿಷಯ ಅರ್ಥವಾಗಲೆಂದು ಕಟ್ಟಿಕೊಂಡ ಉದಾಹರಣೆ. ಆದರೆ ಎಡವಟ್ಟು ಆಗುವುದು ಹೀಗೆಯೇ. ಬ್ಯಾಂಕ್ ಖಾತೆಗೆಂದು ತಂದೆ ಹಿಂದೆಂದೋ ಕುಟುಂಬದ ಹೆಸರಲ್ಲಿ ಪ್ಯಾನ್ ಮಾಡಿಸಿದ್ದರು. ಅದರ ನಾಲ್ಕನೇ ಅಕ್ಷರ H. ವ್ಯಕ್ತಿಯ ಪ್ಯಾನ್ ಆಗಿದ್ದರೆ P ಇರುತ್ತಿತ್ತು. ನೋಂದಣಿಯ ದಿನ ಆ ಕಾರ್ಡೇ ಕೈಗೆ ಸಿಕ್ಕಿತು. ಆಗ 30 ಲಕ್ಷ ಮತ್ತು ಅದಕ್ಕೆ ಮೇಲ್ಪಟ್ಟ ಆಸ್ತಿ ವ್ಯವಹಾರವನ್ನು ಉಪನೋಂದಣಾಧಿಕಾರಿ ಇಲಾಖೆಗೆ ತಿಳಿಸಲೇಬೇಕಿತ್ತು. ಹೀಗಾಗಿ ಪೂರ್ತಿ ಮೊತ್ತ H ಅಕ್ಷರದ ಲೆಕ್ಕಕ್ಕೆ ಹೋಗಿ ಕೂತಿತು.

'ಪಾಲಾಗಿದೆ, ಇಗೋ ಪತ್ರ' ಎಂದರೆ ಮುಗಿಯಿತೇ? ಅದಕ್ಕೂ ಮೊದಲು ನೋಡಬೇಕಾದ ಪ್ರಶ್ನೆ ಒಂದಿದೆ: ಈ ಕುಟುಂಬ ಪಾಲಿಗೆ ಮುನ್ನ ಎಂದಾದರೂ ಅವಿಭಕ್ತ ಕುಟುಂಬವಾಗಿ ತೆರಿಗೆ ನಿರ್ಧಾರಣೆಗೆ ಒಳಪಟ್ಟಿತ್ತೇ? ಒಳಪಟ್ಟಿದ್ದರೆ 1961ರ ಆದಾಯ ತೆರಿಗೆ ಕಾಯ್ದೆಯ 171ನೇ ಕಲಂ ಅಡ್ಡ ಬರುತ್ತದೆ. ಅಧಿಕಾರಿ ವಿಚಾರಣೆ ನಡೆಸಿ 'ಪೂರ್ಣ ವಿಭಾಗ ಆಗಿದೆ' ಎಂದು ಆದೇಶ ದಾಖಲಿಸುವವರೆಗೆ, ಮನೆಯಲ್ಲಿ ಮೂರು ಒಲೆ ಉರಿದರೂ ತೆರಿಗೆಯ ಕಣ್ಣಿಗೆ ಅದು ಒಂದೇ ಕುಟುಂಬ. 1978ರ ಡಿಸೆಂಬರ್ 31ರ ನಂತರ ಮಾಡಿಕೊಂಡ ಭಾಗಶಃ ವಿಭಾಗವನ್ನಂತೂ ಕಾಯ್ದೆ ಒಪ್ಪುವುದೇ ಇಲ್ಲ. ನಮ್ಮ ಉದಾಹರಣೆಯ ಕುಟುಂಬ ಒಮ್ಮೆಯೂ ರಿಟರ್ನ್ ಸಲ್ಲಿಸಿಲ್ಲ, ಅದರ ಮೇಲೆ ನಿರ್ಧಾರಣೆಯೂ ನಡೆದಿಲ್ಲ. ಆದ್ದರಿಂದ 171ರ ಆ ಕಟ್ಟು ಅದಕ್ಕೆ ತಗಲುವುದಿಲ್ಲ ಎಂದು ವಾದಿಸಬಹುದು. ಉತ್ತರದ ಮೊದಲ ಸಾಲಲ್ಲೇ ಇದನ್ನು ಹೇಳಬೇಕು.

ಆಮೇಲೆ ಕಾಗದಗಳು. ಪಾಲುಪತ್ರದಲ್ಲಿ 'ತಲಾ ಮೂರನೇ ಒಂದು ಭಾಗ' ಎಂದಷ್ಟೇ ಬರೆದಿದ್ದರೆ ಬಲ ಸಾಲದು. ಕಲ್ಲೂಮಲ್ ತಪೇಶ್ವರಿ ಪ್ರಸಾದ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಹೇಳಿದ್ದು ಇದನ್ನೇ: ಹಂಚಲು ಬರುವ ಆಸ್ತಿಯನ್ನು ನೆಲದ ಮೇಲೆ ಅಳೆದು ಬೇರೆ ಮಾಡಿರಬೇಕು. ಹಾಗಾಗಿ ಯಾರಿಗೆ ಯಾವ ಹಿಸ್ಸಾ, ಎಷ್ಟು ಗುಂಟೆ, ಚೆಕ್ಕುಬಂದಿ ಏನು ಎಂಬುದು ಷೆಡ್ಯೂಲಿನಲ್ಲಿ ಇರಬೇಕು. ಬಿಳಿ ಹಾಳೆಯ ಮೇಲೆ ಬರೆದುಕೊಂಡ, ನೋಂದಣಿಯಾಗದ ಪಾಲುಪತ್ರ ಆಸ್ತಿ ಹಂಚಿಕೆಯ ಸಾಕ್ಷಿಯಾಗಿ ನಿಲ್ಲುವುದು ಕಷ್ಟ.

ಪತ್ರದ ಮಾತು ಜಾರಿಗೆ ಬಂದಿದೆ ಎಂಬುದಕ್ಕೆ 2012ರ ನಂತರದ ಮ್ಯುಟೇಶನ್ ಪ್ರತಿ ಮತ್ತು ಮೂವರ ಹೆಸರಿನ ಪ್ರತ್ಯೇಕ ದಾಖಲೆ ಬೇಕು. ಪಾಲಾದ ಮೇಲೂ ಜಂಟಿ ಖಾತೆಯೇ ಮುಂದುವರಿದಿದ್ದರೆ ಅಧಿಕಾರಿಯ ಅನುಮಾನ ಮೊದಲು ಹೋಗುವುದು ಅಲ್ಲಿಗೇ. ಪಹಣಿ ಒಂದೇ ಒಡೆತನದ ಪುರಾವೆಯಲ್ಲ. ಅದಕ್ಕೆ ಪಾಲುಪತ್ರದಿಂದ ಕ್ರಯಪತ್ರದವರೆಗಿನ ಋಣಭಾರ ಪ್ರಮಾಣಪತ್ರವನ್ನು ಜೋಡಿಸಬೇಕು. ಕೊನೆಯದಾಗಿ, ತಲಾ 30 ಲಕ್ಷ ಮೂವರ ಸ್ವಂತ ಖಾತೆಗೆ ಬಂದ ಬ್ಯಾಂಕ್ ಪಟ್ಟಿ. ಹಣ ಹರಿದ ದಾರಿ ಪಾಲುಪತ್ರದ ಜೊತೆ ಹೊಂದಿಕೊಂಡರೆ ಉತ್ತರ ಗಟ್ಟಿಯಾಗುತ್ತದೆ.

ಇಷ್ಟಕ್ಕೆ ನಿಟ್ಟುಸಿರು ಬಿಡುವಂತಿಲ್ಲ. ಹಣ ಕುಟುಂಬದ್ದಲ್ಲ ಎಂದು ಒಪ್ಪಿಸಿದ ಕ್ಷಣದಲ್ಲೇ ಅದು ಮೂವರದೆಂದು ನೀವೇ ಬರೆದುಕೊಟ್ಟಂತಾಯಿತು. ಅವರವರ ರಿಟರ್ನಿನಲ್ಲಿ ಅದು ಇಲ್ಲದಿದ್ದರೆ ಮುಂದಿನ ನೋಟಿಸು ಅವರಿಗೇ. ಪಾಲಿನಲ್ಲಿ ಜಮೀನು ಕೈ ಬದಲಾಗುವುದಕ್ಕೆ ಬಂಡವಾಳ ಲಾಭದ ತೆರಿಗೆ ಇಲ್ಲ. ಮಾರಿದ ಲಾಭಕ್ಕೆ ಇದೆ. 2001ಕ್ಕೂ ಹಿಂದಿನ ಆಸ್ತಿಯಾದ್ದರಿಂದ 2001ರ ಏಪ್ರಿಲ್ 1ರ ಬೆಲೆಯನ್ನು ಮೂಲ ಬೆಲೆಯಾಗಿ ಹಿಡಿಯಬಹುದು. ಆ ದಿನದ ಮುದ್ರಾಂಕ ಮೌಲ್ಯವನ್ನು ಅದು ಮೀರಬಾರದು. ಒಬ್ಬರ ಪಾಲಿಗೆ ಅದು 4 ಲಕ್ಷ ಎಂದುಕೊಳ್ಳೋಣ. 2021-22ರ ಸೂಚ್ಯಂಕ 317 ಇದ್ದದ್ದರಿಂದ ಬೆಲೆ 12.68 ಲಕ್ಷಕ್ಕೆ ಏರುತ್ತದೆ. 30 ಲಕ್ಷದಲ್ಲಿ ಅದನ್ನು ಕಳೆದರೆ ಲಾಭ 17.32 ಲಕ್ಷ, ಆಗಿನ ಶೇ 20ರ ದರದಲ್ಲಿ ತೆರಿಗೆ ಸುಮಾರು 3.46 ಲಕ್ಷ, ಸೆಸ್ ಬೇರೆ.

ನೋಟಿಸಿಗೆ ಉತ್ತರಿಸದೆ ಗಡುವು ಮೀರಲು ಬಿಟ್ಟರೆ, ಮೂಲ ಬೆಲೆಯನ್ನೂ ಕಳೆಯದೆ ಇಡೀ 90 ಲಕ್ಷವನ್ನೇ ಕುಟುಂಬದ ಆದಾಯವೆಂದು ಎಣಿಸುವ ಅಪಾಯವಿದೆ. ಇಷ್ಟಕ್ಕೆಲ್ಲ ಕಾರಣ ನೋಂದಣಿಯ ದಿನ ಜೇಬಿನಿಂದ ತೆಗೆದ ಒಂದು ಕಾರ್ಡು. ಸಹಿ ಹಾಕುವ ಮುಂಚೆ ಕ್ರಯಪತ್ರದಲ್ಲಿ ಪ್ರತಿ ಹೆಸರಿನ ಎದುರಿನ ಪ್ಯಾನಿನ ನಾಲ್ಕನೇ ಅಕ್ಷರವನ್ನೊಮ್ಮೆ ನೋಡಿದ್ದರೆ ಸಾಕಿತ್ತು.