ಅಂಗಿಯ ಗೆರೆ ಕುಣಿಯದಂತೆ

ನಾಲ್ಕು ಸೆಕೆಂಡಿನ ವಿಡಿಯೊದಲ್ಲಿ ಬಿಳಿ ಅಂಗಿ ತೊಟ್ಟವನೊಬ್ಬ ನಡೆದು ಬರುತ್ತಾನೆ. ಎಐ ಬಳಸಿ ಅವನಿಗೆ ಚೌಕಳಿ ಅಂಗಿ ತೊಡಿಸಬೇಕು. ಸೆಕೆಂಡಿಗೆ 24ರಂತೆ ಒಟ್ಟು 96 ಫ್ರೇಮುಗಳು. ಒಂದೊಂದನ್ನೂ ಬಿಡಿಬಿಡಿಯಾಗಿ ಬದಲಿಸಿದರೆ ಪ್ರತಿ ಚಿತ್ರವೂ ಚೆನ್ನಾಗಿಯೇ ಇರುತ್ತದೆ, ಓಡಿಸಿದರೆ ಮಾತ್ರ ಅಂಗಿ ಮಿಣುಕುತ್ತದೆ. ಎಐ ಪ್ರತಿ ಸಲವೂ ಅಡ್ಡಾದಿಡ್ಡಿ ಚುಕ್ಕೆಗಳ ರಾಶಿಯಿಂದ ಹೊಸದಾಗಿ ಚಿತ್ರ ಬಿಡಿಸುತ್ತದೆ; ಹಿಂದಿನ ಫ್ರೇಮಿನಲ್ಲಿ ಎಷ್ಟು ಗೆರೆ ಎಳೆದಿತ್ತೆಂಬ ನೆನಪು ಅದಕ್ಕಿಲ್ಲ. ಎಲ್ಲಕ್ಕೂ ಅದೇ ಚುಕ್ಕೆರಾಶಿ ಕೊಟ್ಟರೆ ಮಿಣುಕು ತುಸು ತಗ್ಗೀತು. ಆದರೆ ಗೆರೆಗಳು ಪರದೆಗೇ ಅಂಟಿಕೊಂಡು, ದೇಹವಷ್ಟೇ ಅದರಡಿ ಸರಿದಂತೆ ಕಾಣುತ್ತದೆ. ನನ್ನ ಕಣ್ಣಿಗೆ ಇದು ಇನ್ನೂ ವಿಕಾರ.

ಒಂದೇ ಫ್ರೇಮಿನಲ್ಲಿ ಅಂಗಿ ಬದಲಿಸಿ, ಮೂಲ ವಿಡಿಯೊದಲ್ಲಿ ಬಟ್ಟೆಯ ಪ್ರತಿ ಬಿಂದು ಎತ್ತ ಸರಿಯಿತೆಂದು ಅಳೆದು, ಗೆರೆಗಳನ್ನೂ ಅದೇ ದಾರಿಯಲ್ಲಿ ಸಾಗಿಸುವುದು ಒಳ್ಳೆಯ ಉಪಾಯ. ಅವನು ಬೆನ್ನು ತಿರುಗಿಸಿದರೆ ಮಾತ್ರ ಇದು ಸಾಲದು. ಬೆನ್ನಿನ ಗೆರೆಗಳು ಮೊದಲ ಫ್ರೇಮಿನಲ್ಲಿ ಇರಲೇ ಇಲ್ಲವಲ್ಲ! ಆಗ ಬೆನ್ನು ಕಾಣುವ ಇನ್ನೊಂದು ಫ್ರೇಮನ್ನು, ಮೊದಲನೆಯದನ್ನೇ ಮಾದರಿಯಾಗಿಟ್ಟು ಬದಲಿಸಬೇಕು.

ಪರೀಕ್ಷೆ ಸುಲಭ. ಪ್ರತಿ ಫ್ರೇಮಿನ ಅದೇ ಜಾಗದಿಂದ ಒಂದು ಸಪೂರ ಲಂಬ ಪಟ್ಟಿ ಕತ್ತರಿಸಿ ಸಾಲಾಗಿ ಜೋಡಿಸಿ. ಅಡ್ಡಗೆರೆಗಳು ನಯವಾಗಿ ಹರಿದರೆ ಸರಿ. ಗರಗಸದ ಹಲ್ಲಿನಂತೆ ಕಂಡರೆ ಮಿಣುಕು ಉಳಿದಿದೆ.