ಹತ್ತರಲ್ಲಿ ಒಂದು ಪಾಲು ಗುಡ್ಡಕ್ಕೆ

ಮಲೆನಾಡಿನಲ್ಲಿ ಅಬ್ಬಿ ಮನೆಗಿಂತ ಮೇಲಿದ್ದರೆ ನೀರಿನ ಚಿಂತೆಯಿಲ್ಲ. ದಂಬೆಯಲ್ಲೋ ಪೈಪಿನಲ್ಲೋ ತಾನಾಗಿ ಅಂಗಳಕ್ಕೆ ಬರುತ್ತದೆ. ಒರತೆ ಕೆಳಗಿದ್ದು ಮನೆ ಗುಡ್ಡದ ಮೇಲಿದ್ದರೆ ಕರೆಂಟು ಅಥವಾ ಡೀಸೆಲ್ ಬೇಕು. ಆದರೆ ಒರತೆಯ ಕೆಳಗೆ ಇನ್ನಷ್ಟು ಇಳಿಜಾರು ಸಿಗುವುದಾದರೆ ಇನ್ನೊಂದು ದಾರಿಯಿದೆ: ಹೈಡ್ರಾಲಿಕ್ ರ‍್ಯಾಮ್ ಪಂಪು. ಬಿಸಿಗಾಳಿಯ ಬಲೂನು ಹಾರಿಸಿ ಹೆಸರಾದ ಸೋದರರಲ್ಲಿ ಒಬ್ಬನಾದ ಫ್ರಾನ್ಸಿನ ಜೋಸೆಫ್ ಮಾಂಟ್‌ಗಾಲ್ಫಿಯೆ ತನ್ನ ಕಾಗದದ ಕಾರ್ಖಾನೆಗೆ ನೀರೆತ್ತಲು 1796ರಲ್ಲಿ ಇದನ್ನು ರೂಪಿಸಿದ.

ತುಂಬಿ ಹರಿಯುವ ನಲ್ಲಿಯನ್ನು ಥಟ್ಟನೆ ನಿಲ್ಲಿಸಿದರೆ ಪೈಪು ಧಡ್ಡೆನ್ನುತ್ತದೆ. ಓಡುತ್ತಿದ್ದ ನೀರಿಗೆ ತಟಕ್ಕನೆ ತಡೆ ಬಿದ್ದು, ಅದರ ವೇಗವೆಲ್ಲ ಕ್ಷಣಮಾತ್ರ ಒತ್ತಡವಾಗುತ್ತದೆ. ರ‍್ಯಾಮ್ ದುಡಿಸಿಕೊಳ್ಳುವುದು ಈ ಏಟನ್ನೇ.

ಒರತೆಯಿಂದ ಕಬ್ಬಿಣದ ಪೈಪೊಂದು ಕೆಳಗಿನ ಪಂಪಿಗೆ ಇಳಿಯುತ್ತದೆ. ಅಲ್ಲಿ ಒಂದು ಕವಾಟ ತೆರೆದೇ ಇದ್ದು ನೀರು ಹೊರಕ್ಕೆ ಸುರಿಯುತ್ತಿರುತ್ತದೆ. ಹರಿವಿನ ವೇಗ ಏರಿದಂತೆ ನೀರೇ ಆ ಕವಾಟವನ್ನು ಎತ್ತಿ ಮುಚ್ಚುತ್ತದೆ. ಒತ್ತಡ ಜಿಗಿದು, ಎರಡನೆಯ ಕವಾಟ ತೆರೆದು, ಒಂದಿಷ್ಟು ನೀರು ಗಾಳಿ ತುಂಬಿದ ಉರುಳೆಯೊಳಗೆ ನುಗ್ಗುತ್ತದೆ. ಒತ್ತಡ ಇಳಿದೊಡನೆ ಎರಡನೆಯದು ಮುಚ್ಚಿಕೊಳ್ಳುತ್ತದೆ, ಮೊದಲನೆಯದು ತನ್ನ ಭಾರಕ್ಕೆ ಬಿದ್ದು ಮತ್ತೆ ತೆರೆಯುತ್ತದೆ. ನಿಮಿಷಕ್ಕೆ ಸುಮಾರು ಐವತ್ತು ಅರವತ್ತು ಸಲ ಹೀಗೇ ನಡೆಯುತ್ತದೆ. ಉರುಳೆಯಲ್ಲಿ ಅದುಮಿದ ಗಾಳಿ ಹಿಗ್ಗುತ್ತ ನೀರನ್ನು ಸಣ್ಣ ಪೈಪಿನಲ್ಲಿ ಒಂದೇ ಸಮನೆ ಮೇಲಕ್ಕೆ ತಳ್ಳುತ್ತದೆ.

ಲೆಕ್ಕ ಸರಳ. ಒರತೆಯಿಂದ ಪಂಪಿಗೆ 3 ಮೀಟರ್ ಇಳಿತ, ಪಂಪಿನಿಂದ ಮನೆಯ ತೊಟ್ಟಿಗೆ 18 ಮೀಟರ್ ಏರು, ಒಳಬರುವ ನೀರು ನಿಮಿಷಕ್ಕೆ 60 ಲೀಟರ್ ಎಂದುಕೊಳ್ಳಿ. ಏರು ಇಳಿತದ ಆರು ಪಟ್ಟಾದ್ದರಿಂದ ಹೆಚ್ಚೆಂದರೆ ಆರನೇ ಒಂದು ಪಾಲು, ಅಂದರೆ 10 ಲೀಟರ್ ಏರಬಹುದು. ತಿಕ್ಕಾಟ, ಸೋರಿಕೆ ಕಳೆದು ನೂರಕ್ಕೆ ಅರವತ್ತು ದಕ್ಕಿದರೆ 6 ಲೀಟರ್. ಉಳಿದ 54 ಲೀಟರ್ ತೋಡಿಗೆ ಹೋಗುತ್ತದೆ, ಎತ್ತುವ ಶಕ್ತಿ ಬಂದದ್ದು ಅದರಿಂದಲೇ. ಹಗಲೂ ರಾತ್ರಿ ನಡೆಯುವುದರಿಂದ ದಿನಕ್ಕೆ 8,640 ಲೀಟರ್ ತೊಟ್ಟಿ ಸೇರುತ್ತದೆ.

ಇಳಿಪೈಪಿಗೆ ಪ್ಲಾಸ್ಟಿಕ್ ಹಾಕಿದರೆ ಅದು ಹಿಗ್ಗಿ ಏಟನ್ನು ನುಂಗುತ್ತದೆ, ನೀರು ಕಡಿಮೆ ಏರುತ್ತದೆ. ಉರುಳೆಯ ಗಾಳಿ ನಿಧಾನವಾಗಿ ನೀರಿನಲ್ಲಿ ಕರಗುತ್ತದೆ. ಬಡಿತ ಗಡುಸಾಗಿ ಪೈಪು ಅದುರತೊಡಗಿದರೆ ಗಾಳಿ ತೀರಿದೆಯೆಂದೇ ತಿಳಿಯಬೇಕು. ಅದಕ್ಕಾಗಿಯೇ ಎರಡನೆಯ ಕವಾಟದ ಕೆಳಗೆ ಸೂಜಿಮೊನೆಯಷ್ಟು ತೂತು ಬಿಟ್ಟು, ಪ್ರತಿ ಬಡಿತಕ್ಕೂ ತುಸು ಗಾಳಿ ಒಳಸೇರುವಂತೆ ಮಾಡುತ್ತಾರೆ. ಬಡಿತ ನಿಂತು ನೀರು ಬರಿದೇ ಸುರಿಯುತ್ತಿದ್ದರೆ, ಕಸ ಸಿಕ್ಕಿರಬಹುದು ಅಥವಾ ಕವಾಟ ಎತ್ತುವಷ್ಟು ಹರಿವು ಇಲ್ಲದಿರಬಹುದು. ಆದ್ದರಿಂದ ಪಂಪು ಕೊಳ್ಳುವ ಮುನ್ನ ಒರತೆಯನ್ನು ಬಕೆಟ್ಟು ಹಿಡಿದು ಅಳೆಯಬೇಕಾದದ್ದು ಮಳೆಗಾಲದಲ್ಲಲ್ಲ, ಏಪ್ರಿಲ್ ಕೊನೆಯಲ್ಲಿ.